ಕಸ್ಟಡಿ ಸುದ್ದಿಯಲ್ಲಿ ಯಾರ ಮಾತು ಯಾರದು? ಕೋರ್ಟ್ ವರದಿಗಾರರಿಗೆ ಬಹಿರಂಗ ಪತ್ರ

ಕನ್ನಡದ ಪತ್ರಿಕೆಗಳಿಗೂ ಟಿ.ವಿ.ಗಳಿಗೂ ನ್ಯಾಯಾಲಯದ ಸುದ್ದಿ ಬರೆಯುವ ಗೆಳೆಯರೆ,

"ಆರೋಪಿ ಏಳು ದಿನ ಪೊಲೀಸ್ ಕಸ್ಟಡಿಗೆ" ಎಂಬ ತಲೆಬರಹ ವಾರಕ್ಕೆ ಎರಡು ಸಲವಾದರೂ ಕಣ್ಣಿಗೆ ಬೀಳುತ್ತದೆ. ಅದರ ಕೆಳಗೆ ಎಂಟು ಹತ್ತು ಸಾಲು ಇರುತ್ತವೆ. ಆರೋಪಿ ಏನು ಮಾಡಿದ, ಯಾರೊಂದಿಗೆ ಸೇರಿ ಮಾಡಿದ, ಎಷ್ಟು ಹಣ ಕೈ ಬದಲಾಯಿತು ಎನ್ನುವುದೆಲ್ಲ ಅಲ್ಲಿ ನಡೆದುಹೋದ ಸಂಗತಿಯ ಹಾಗೆ ವರ್ಣನೆಯಾಗಿರುತ್ತದೆ. ಕೊನೆಯಲ್ಲಿ "ವಾದ ಆಲಿಸಿದ ನ್ಯಾಯಾಧೀಶರು ಕಸ್ಟಡಿಗೆ ಒಪ್ಪಿಸಿ ಆದೇಶಿಸಿದರು" ಎಂದು ಮುಗಿಯುತ್ತದೆ. ಈ ವರದಿಯಲ್ಲಿ ತಪ್ಪು ಮಾಹಿತಿ ಒಂದೂ ಇರದೆ ಇರಬಹುದು. ಆದರೂ ಓದುವವರ ಮನಸ್ಸಿನಲ್ಲಿ ಉಳಿಯುವುದು ತಪ್ಪು ತಿಳಿವಳಿಕೆಯೇ. ಪೊಲೀಸರು ಅರ್ಜಿಯಲ್ಲಿ ಬರೆದದ್ದನ್ನು ಕೋರ್ಟ್ ಒಪ್ಪಿಕೊಂಡಿತು, ಒಪ್ಪಿಕೊಂಡದ್ದಕ್ಕೇ ಏಳು ದಿನ ಕೊಟ್ಟಿತು ಎಂದು ಅವರು ತಿಳಿಯುತ್ತಾರೆ. ರಿಮ್ಯಾಂಡ್ ಅರ್ಜಿಯ ಮೇಲಿನ ಸುದ್ದಿಯಲ್ಲಿ ಮೂರು ಬಾಯಿಗಳ ಮಾತು ಇರಬೇಕು: ಕೇಳಿದ ಪೊಲೀಸರದು, ತಕರಾರು ಎತ್ತಿದ ಆರೋಪಿಯದು, ತೀರ್ಮಾನಿಸಿದ ನ್ಯಾಯಾಲಯದ್ದು. ನಿಮ್ಮ ಸಾರಾಂಶದಲ್ಲಿ ಮೊದಲನೆಯದು ಉಬ್ಬುತ್ತದೆ, ಮೂರನೆಯದು ಒಂದು ಸಾಲಿಗೆ ಇಳಿಯುತ್ತದೆ, ನಡುವಿನದು ಹೆಚ್ಚಿನ ಸಲ ಬಿಟ್ಟೇ ಹೋಗುತ್ತದೆ. ಈ ಪತ್ರ ಬರೆಯುತ್ತಿರುವುದು ಆ ನಡುವಿನ ಮಾತಿಗಾಗಿ. ಆರೋಪಿಯ ಆಕ್ಷೇಪಣೆ ಏನು, ಆದೇಶ ಅದಕ್ಕೆ ಉತ್ತರ ಕೊಟ್ಟಿದೆಯೇ ಇಲ್ಲವೇ ಎನ್ನುವುದು ಬಾರದ ಸಾರಾಂಶವನ್ನು ರಿಮ್ಯಾಂಡ್ ಆದೇಶದ ಸಾರಾಂಶ ಎನ್ನಲಾಗದು. ಅದು ಪೊಲೀಸರ ಅರ್ಜಿಯ ಸಾರಾಂಶ, ಅಷ್ಟೆ.

ರಿಮ್ಯಾಂಡ್ ಹೊತ್ತಿನಲ್ಲಿ ನ್ಯಾಯಾಧೀಶರ ಮುಂದಿರುವ ಪ್ರಶ್ನೆ ನಾವು ಅಂದುಕೊಂಡಿರುವುದಕ್ಕಿಂತ ತುಂಬ ಸಣ್ಣದು. ಬಂಧಿಸಿದವರನ್ನು, ಪ್ರಯಾಣದ ಹೊತ್ತನ್ನು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಅಷ್ಟರೊಳಗೆ ತನಿಖೆ ಮುಗಿಯದಿದ್ದರೆ ತನಿಖಾಧಿಕಾರಿ ಕೇಸ್ ಡೈರಿಯ ಸಂಬಂಧಪಟ್ಟ ಭಾಗದೊಂದಿಗೆ ಬಂದು, ಈತ ಇನ್ನಷ್ಟು ದಿನ ನಮಗೆ ಬೇಕು ಎಂದು ಕೇಳುತ್ತಾರೆ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 167ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನಲ್ಲಿದೆ. ಕೋರ್ಟ್ ಆಗ ನೋಡಬೇಕಾದದ್ದು ಈ ಮನುಷ್ಯನನ್ನು ಹಿಡಿದಿಟ್ಟುಕೊಳ್ಳುವ ಅಗತ್ಯ ಇದೆಯೇ, ಇದ್ದರೆ ಠಾಣೆಯಲ್ಲೋ ಜೈಲಿನಲ್ಲೋ, ಎಷ್ಟು ದಿನ ಎಂಬುದನ್ನು. ಬಂಧನವೇ ಕಾನೂನಿನಂತೆ ಆಗಿದೆಯೇ ಎನ್ನುವುದನ್ನೂ ನೋಡಬೇಕು. ಆರೋಪಿ ತಪ್ಪು ಮಾಡಿದ್ದಾನೆಯೇ ಎನ್ನುವುದು ಆ ದಿನದ ಪ್ರಶ್ನೆಯೇ ಅಲ್ಲ. ಪೊಲೀಸ್ ಕಸ್ಟಡಿಗೆ ಒಪ್ಪಿಸುವಾಗ ಮ್ಯಾಜಿಸ್ಟ್ರೇಟರು ಕಾರಣ ಬರೆಯಲೇಬೇಕು. ರಿಮ್ಯಾಂಡ್ ಯಾಂತ್ರಿಕವಾಗಿ ಮಾಡುವ ಕೆಲಸವಲ್ಲ, ಮನಸ್ಸಿಟ್ಟು ಮಾಡುವ ನ್ಯಾಯಿಕ ಕೆಲಸ ಎಂದು ಸುಪ್ರೀಂ ಕೋರ್ಟ್ ಮನುಭಾಯ್ ರತಿಲಾಲ್ ಪಟೇಲ್ ಪ್ರಕರಣದಲ್ಲಿ ಹೇಳಿ ಹತ್ತು ವರ್ಷಕ್ಕೂ ಮೇಲಾಯಿತು. ಹಾಗಾಗಿ ಆದೇಶದಲ್ಲಿ ಕಾರಣ ಇದೆಯೇ ಎಂದು ನೋಡುವುದು ವರದಿಗಾರರ ಅಧಿಕಪ್ರಸಂಗವಲ್ಲ. ಸುದ್ದಿ ಇರುವುದೇ ಅಲ್ಲಿ.

ಇಷ್ಟು ಸಣ್ಣ ವಿಷಯಕ್ಕೆ ಎಷ್ಟು ತೂಕವಿರಬಹುದು ಎಂಬುದನ್ನು ಪ್ರಬೀರ್ ಪುರಕಾಯಸ್ಥ ಅವರ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೊಂದಿಲ್ಲ. ನ್ಯೂಸ್‌ಕ್ಲಿಕ್ ಎಂಬ ಸುದ್ದಿತಾಣದ ಸ್ಥಾಪಕರಾದ ಅವರನ್ನು ದೆಹಲಿ ಪೊಲೀಸರ ವಿಶೇಷ ಘಟಕ 2023ರ ಅಕ್ಟೋಬರ್ 3ರಂದು ಯುಎಪಿಎ ಕಾಯ್ದೆಯಡಿ ಬಂಧಿಸಿತು. ರಿಮ್ಯಾಂಡ್ ಆದ ಮರುದಿನ ಪತ್ರಿಕೆಗಳಲ್ಲಿ ಬಂದ ಸುದ್ದಿ ಏಳು ದಿನ ಪೊಲೀಸ್ ಕಸ್ಟಡಿ ಎಂಬುದು. ಅದರ ಜೊತೆಗೆ ಚೀನಾ ನಂಟಿನ ಹಣ ಹರಿದುಬಂದಿತ್ತು, ದೇಶದ ವಿರುದ್ಧ ಸಂಚು ನಡೆದಿತ್ತು ಎಂಬ ಪೊಲೀಸರ ಆರೋಪಗಳು. ಆ ದಿನದ ವರದಿಗಳನ್ನು ಓದಿದವರಿಗೆ ರಿಮ್ಯಾಂಡ್ ಎಂಬುದು ಮಾಮೂಲಿಯಾಗಿ ನಡೆದುಹೋದ ಒಂದು ಹಂತ. ಆದರೆ ಏಳು ತಿಂಗಳ ಬಳಿಕ, 2024ರ ಮೇ 15ರಂದು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ಆ ಬಂಧನವನ್ನೂ ರಿಮ್ಯಾಂಡ್ ಆದೇಶವನ್ನೂ ಕಾನೂನಿಗೆ ವಿರುದ್ಧ ಎಂದು ರದ್ದುಪಡಿಸಿತು. ಚೀನಾ ಹಣದ ಆರೋಪ ನಿಜವೋ ಸುಳ್ಳೋ ಎಂಬ ಚರ್ಚೆಗೆ ಪೀಠ ಹೋಗಲೇ ಇಲ್ಲ. ಅದು ನೋಡಿದ್ದು ಗಡಿಯಾರವನ್ನು ಮತ್ತು ಕಾಗದವನ್ನು.

ಗಡಿಯಾರ ಹೇಳಿದ್ದು ಹೀಗಿತ್ತು. ಅಕ್ಟೋಬರ್ 4ರ ಬೆಳಿಗ್ಗೆ ಆರು ಗಂಟೆಗೂ ಮೊದಲೇ ಆರೋಪಿಯನ್ನು ನ್ಯಾಯಾಧೀಶರ ಮನೆಯಲ್ಲಿ ಹಾಜರುಪಡಿಸಲಾಗಿತ್ತು. ಆದೇಶದ ಮೇಲಿದ್ದ ಹೊತ್ತು ಆರು ಗಂಟೆ. ಕಾನೂನು ನೆರವಿನ ವಕೀಲರೊಬ್ಬರು ಅಲ್ಲಿ ಹಾಜರಿದ್ದರು. ಆದರೆ ಆರೋಪಿಯೇ ನೇಮಿಸಿಕೊಂಡ ವಕೀಲರ ಮೊಬೈಲಿಗೆ ರಿಮ್ಯಾಂಡ್ ಅರ್ಜಿಯ ಪ್ರತಿ ವಾಟ್ಸ್‌ಆ್ಯಪ್‌ನಲ್ಲಿ ತಲುಪಿದ್ದು ಏಳರ ಸುಮಾರಿಗೆ. ಅವರು ಅದನ್ನು ಓದಿ ಆಕ್ಷೇಪಣೆ ಬರೆದು ಕಳಿಸಿದ್ದು ಅದಕ್ಕೂ ಆಮೇಲೆ. ಅಷ್ಟರಲ್ಲಿ ಆದೇಶ ಆಗಿಹೋಗಿತ್ತು. ಎಫ್‌ಐಆರ್ ಪ್ರತಿಯೂ ಆ ಹೊತ್ತಿಗೆ ಅವರ ಕೈಗೆ ಬಂದಿರಲಿಲ್ಲ. ಕಾಗದ ಹೇಳಿದ್ದು ಇನ್ನೂ ಸೂಕ್ಷ್ಮ. ಅರ್ಜಿಯ ಪ್ರತಿಯನ್ನು ಆರೋಪಿಯ ವಕೀಲರಿಗೆ ವಾಟ್ಸ್‌ಆ್ಯಪ್ ಮೂಲಕ ಕಳಿಸಲಾಗಿದೆ ಎಂಬ ಅರ್ಥದ ಎರಡು ಸಾಲು ಆದೇಶದಲ್ಲಿದ್ದವು. ಆ ಎರಡು ಸಾಲಿನ ಅಕ್ಷರ ಉಳಿದ ಬರಹಕ್ಕಿಂತ ಸಣ್ಣದಾಗಿತ್ತು. ಅವನ್ನು ಆಮೇಲೆ ಸೇರಿಸಿದ್ದಾರೆ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಬಂಧನದ ಮೆಮೊ ಕಂಪ್ಯೂಟರಿನಲ್ಲಿ ಸಿದ್ಧವಾದ ನಮೂನೆ. ಅದರಲ್ಲಿ ಬಂಧನದ ಆಧಾರಗಳನ್ನು ಬರೆಯಲು ಅಂಕಣವೇ ಇರಲಿಲ್ಲ. ಯಾರನ್ನೇ ಬಂಧಿಸಿದರೂ ಬರೆಯಬಹುದಾದ ಸಾಮಾನ್ಯ ಕಾರಣಗಳೇ ಬೇರೆ, ಈ ಮನುಷ್ಯನನ್ನು ಈ ಪ್ರಕರಣದಲ್ಲಿ ಏಕೆ ಬಂಧಿಸಿದೆವು ಎಂಬ ಆಧಾರಗಳೇ ಬೇರೆ, ಎರಡನೆಯದನ್ನು ಬರಹದಲ್ಲಿ ಕೊಡಲೇಬೇಕು ಎಂದು ಪೀಠ ತೀರ್ಪಿತ್ತಿತು. ಆಧಾರ ತಿಳಿಯದಿದ್ದರೆ ಕಸ್ಟಡಿಯನ್ನು ಎದುರಿಸುವುದಾದರೂ ಹೇಗೆ, ಜಾಮೀನು ಕೇಳುವುದಾದರೂ ಹೇಗೆ ಎನ್ನುವುದು ಅದರ ತರ್ಕ.

ಈಗ 2023ರ ಅಕ್ಟೋಬರ್ 5ರ ಪತ್ರಿಕೆಗೆ ಬರೆಯುವ ವರದಿಗಾರನ ಜಾಗದಲ್ಲಿ ನಿಂತು ನೋಡಿ. ಬಂಧನ ಅಸಿಂಧುವೇ ಎಂದು ತೀರ್ಮಾನಿಸುವುದು ಅವನ ಕೆಲಸವಲ್ಲ. ಮುಂದೆ ಸುಪ್ರೀಂ ಕೋರ್ಟ್ ಏನೆಂದೀತು ಎಂದು ಊಹಿಸುವುದೂ ಅಲ್ಲ. ಆದರೆ "ಆದೇಶ ಬೆಳಿಗ್ಗೆ ಆರಕ್ಕೆ ಆಗಿದೆ, ತಮಗೆ ಅರ್ಜಿಯ ಪ್ರತಿ ಸಿಕ್ಕಿದ್ದು ಅದಾದ ಮೇಲೆ ಎಂದು ಆರೋಪಿಯ ವಕೀಲರು ದೂರಿದ್ದಾರೆ" ಎಂಬ ಒಂದೇ ವಾಕ್ಯ ಬರೆದಿದ್ದರೆ ಆ ದಿನದ ಮುಖ್ಯ ಸಂಗತಿಯನ್ನು ಅವನು ಓದುಗರಿಗೆ ಮುಟ್ಟಿಸಿದಂತಾಗುತ್ತಿತ್ತು. ಏಳು ತಿಂಗಳ ಬಳಿಕ ಪ್ರಕರಣ ತಿರುಗಿದ್ದು ಅದೇ ವಾಕ್ಯದ ಮೇಲೆ. ಸಂಚಿನ ಆರೋಪದ ವಿವರಗಳಿಗೆ ನಾಲ್ಕು ಅಂಕಣ ಕೊಟ್ಟವರಿಗೆ ಇದಕ್ಕೆ ಎರಡು ಸಾಲು ಸಿಗಲಿಲ್ಲವೆಂದರೆ ಅದು ಜಾಗದ ಕೊರತೆಯಲ್ಲ.

ದೆಹಲಿಯ ದೊಡ್ಡ ಪ್ರಕರಣ ಬಿಟ್ಟು ನಮ್ಮ ಯಾವುದೇ ಊರಿನ ಜೆಎಂಎಫ್‌ಸಿ ನ್ಯಾಯಾಲಯಕ್ಕೆ ಬರೋಣ. ಕಲ್ಪಿತ ಪ್ರಕರಣವೊಂದನ್ನು ತೆಗೆದುಕೊಳ್ಳುತ್ತೇನೆ, ಆದರೆ ಇದರಲ್ಲಿ ನಿಮಗೆ ಹೊಸದೇನೂ ಕಾಣಿಸಲಿಕ್ಕಿಲ್ಲ. ಸರಗಳ್ಳತನದ ಆರೋಪ. ಬೈಕಿನಲ್ಲಿ ಬಂದ ಇಬ್ಬರಲ್ಲಿ ಒಬ್ಬ ಸಿಕ್ಕಿದ್ದಾನೆ. ಪಿಎಸ್‌ಐ ಸಲ್ಲಿಸಿದ ಅರ್ಜಿಯಲ್ಲಿ ಹತ್ತು ದಿನದ ಬೇಡಿಕೆ ಇದೆ. ಸದರಿ ಆರೋಪಿಯು ತನ್ನ ಸ್ವ-ಇಚ್ಛಾ ಹೇಳಿಕೆಯಲ್ಲಿ ಕೃತ್ಯ ಎಸಗಿರುವುದಾಗಿಯೂ, ಕಿತ್ತ ಸರವನ್ನು ಇಂಥ ಊರಿನ ಇಂಥ ಅಂಗಡಿಯಲ್ಲಿ ಮಾರಿದ್ದು ಅದನ್ನು ತೋರಿಸಿಕೊಡುವುದಾಗಿಯೂ ನುಡಿದಿರುತ್ತಾನೆ; ಎರಡನೇ ಆರೋಪಿಯು ತಲೆಮರೆಸಿಕೊಂಡಿರುತ್ತಾನೆ; ಮೊಬೈಲ್ ಕರೆಗಳ ಬಗ್ಗೆ ವಿಚಾರಣೆ ಮಾಡಬೇಕಾಗಿರುತ್ತದೆ; ಇದೇ ತೆರನಾದ ಬೇರೆ ಪ್ರಕರಣಗಳಲ್ಲಿಯೂ ಭಾಗಿಯಾಗಿರುವ ಸಾಧ್ಯತೆ ಇರುತ್ತದೆ. ಇಷ್ಟು ಅರ್ಜಿಯ ಒಕ್ಕಣೆ. ಇದನ್ನು ಸಾರಾಂಶ ಮಾಡುವ ಮೊದಲು ಪ್ರತಿ ಕಾರಣಕ್ಕೂ ಒಂದು ಪ್ರಶ್ನೆ ಹಾಕಿಕೊಳ್ಳಬೇಕು: ಈ ಕೆಲಸಕ್ಕೆ ಆರೋಪಿಯ ಮೈ ಠಾಣೆಯಲ್ಲಿರಬೇಕೆ? ಮಾರಿದ ಸರವನ್ನು ತೋರಿಸಿಕೊಡಲು ಆತ ಪೊಲೀಸರ ಜೊತೆ ಹೋಗಬೇಕು, ಒಪ್ಪುವ ಮಾತು. ಕರೆಗಳ ವಿವರ ಮೊಬೈಲ್ ಕಂಪನಿಯಿಂದ ಬರುತ್ತದೆ. ಅದಕ್ಕೆ ಆರೋಪಿ ಲಾಕಪ್ಪಿನಲ್ಲಿ ಇದ್ದರೂ ಒಂದೇ, ಜೈಲಿನಲ್ಲಿ ಇದ್ದರೂ ಒಂದೇ. "ಬೇರೆ ಪ್ರಕರಣಗಳಲ್ಲಿ ಭಾಗಿಯಾಗಿರುವ ಸಾಧ್ಯತೆ" ಎನ್ನುವುದು ಯಾರ ಮೇಲೂ ಬರೆಯಬಹುದಾದ ಮಾತು. ಈ ನಾಲ್ಕೂ ಕಾರಣಗಳನ್ನು "ಹೆಚ್ಚಿನ ವಿಚಾರಣೆ ಅಗತ್ಯವಿರುವುದರಿಂದ" ಎಂಬ ಒಂದು ತುಣುಕಿಗೆ ಇಳಿಸಿದರೆ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಓದುಗರಿಗೆ ತಿಳಿಯುವ ದಾರಿಯೇ ಮುಚ್ಚುತ್ತದೆ.

ಆ "ಸ್ವ-ಇಚ್ಛಾ ಹೇಳಿಕೆ"ಯ ಬಳಿ ಸ್ವಲ್ಪ ನಿಲ್ಲಲೇಬೇಕು. ನಮ್ಮ ರಾಜ್ಯದ ಪೊಲೀಸ್ ಕಡತಗಳಲ್ಲಿ ಅದಿಲ್ಲದ ರಿಮ್ಯಾಂಡ್ ಅರ್ಜಿ ಸಿಗುವುದು ಅಪರೂಪ. ಮರುದಿನದ ತಲೆಬರಹದಲ್ಲಿ ಅದು "ತಪ್ಪೊಪ್ಪಿಕೊಂಡ ಆರೋಪಿ" ಎಂದು ವೇಷ ಬದಲಿಸಿ ಬರುತ್ತದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಿಂದಿನ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಹೇಳುತ್ತಿದ್ದುದನ್ನೇ ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಹೇಳುತ್ತದೆ. ಹೇಳಿಕೆಯಿಂದ ಯಾವುದಾದರೂ ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ಲೆಕ್ಕಕ್ಕೆ ಬರುತ್ತದೆ. "ಸರವನ್ನು ಅಲ್ಲಿ ಮಾರಿದ್ದೇನೆ, ತೋರಿಸುತ್ತೇನೆ" ಎಂಬ ವಾಕ್ಯಕ್ಕೆ ಬೆಲೆ ಬರುವುದು ಸರ ಸಿಕ್ಕ ಮೇಲೆ. "ನಾನೇ ಕಿತ್ತೆ" ಎಂಬುದಕ್ಕೆ ಆಗಲೂ ಇಲ್ಲ. ಕಸ್ಟಡಿಗೆ ಕಾರಣವಾಗಿ ಪೊಲೀಸರು ಅದನ್ನು ಅರ್ಜಿಯಲ್ಲಿ ಬರೆಯಬಹುದು, ಬರೆಯಲಿ. ನೀವು ಬರೆಯುವಾಗ "ಆರೋಪಿ ಹೇಳಿಕೆ ಕೊಟ್ಟಿದ್ದಾನೆ ಎಂದು ಪೊಲೀಸರು ಅರ್ಜಿಯಲ್ಲಿ ತಿಳಿಸಿದ್ದಾರೆ" ಎನ್ನಿ. ಆ ಬಾಲ ಉದ್ದವಾಯಿತು ಎಂದು ಉಪಸಂಪಾದಕರು ಕತ್ತರಿಸಲು ಹೊರಟರೆ ತಡೆಯಿರಿ. ಇದಕ್ಕೆ ಜೋಡಿಯಾಗಿ ಬರುವ ಇನ್ನೊಂದು ಮಾತು "ತನಿಖೆಗೆ ಸಹಕರಿಸುತ್ತಿಲ್ಲ" ಎಂಬುದು. ತನಿಖಾಧಿಕಾರಿ ಬಯಸಿದ ಉತ್ತರ ಕೊಡದಿರುವುದು, ತಪ್ಪೊಪ್ಪಿಕೊಳ್ಳದಿರುವುದು ಅಸಹಕಾರವಲ್ಲ ಎಂದು ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದೆ. 2023ರ ಪಂಕಜ್ ಬನ್ಸಲ್ ತೀರ್ಪಿನಲ್ಲೂ ಆ ಮಾತಿದೆ. ಒಂದೇ ಅರ್ಜಿಯ ಮೊದಲ ಪುಟದಲ್ಲಿ ಸ್ವ-ಇಚ್ಛೆಯಿಂದ ಎಲ್ಲವನ್ನೂ ಹೇಳಿದವನು ಎರಡನೇ ಪುಟದಲ್ಲಿ ಏನೂ ಹೇಳದೆ ಅಸಹಕಾರ ತೋರಿಸಿದ್ದರೆ, ಅದನ್ನೇ ಒಂದು ಸಾಲಿನ ಸುದ್ದಿ ಮಾಡಬಹುದು.

ಕಲ್ಪಿತ ಪ್ರಕರಣಕ್ಕೆ ಮರಳೋಣ. ಆರೋಪಿಯ ವಕೀಲರು ಎದ್ದು ನಿಂತು ಮೂರು ಮಾತು ಹೇಳುತ್ತಾರೆ. ಮೊಬೈಲನ್ನೂ ಬೈಕನ್ನೂ ಬಂಧನದ ದಿನವೇ ಪಂಚರ ಸಮಕ್ಷಮ ಮಹಜರು ಮಾಡಿ ಜಪ್ತಿ ಮಾಡಿದ್ದಾರೆ, ಹಾಗಾಗಿ ಅವುಗಳ ಹೆಸರಿನಲ್ಲಿ ಕಸ್ಟಡಿ ಕೇಳುವಂತಿಲ್ಲ. ಸರ ಮಾರಿದ ಅಂಗಡಿಯ ಹೆಸರು ಅರ್ಜಿಯಲ್ಲೇ ಇದೆ, ಹೋಗಿಬರಲು ಒಂದು ದಿನ ಸಾಕು, ಹತ್ತು ದಿನ ಯಾಕೆ? ಮೂರನೆಯದು ಬಂಧನದ ಬುಡಕ್ಕೇ ಕೈ ಹಾಕುವ ತಕರಾರು. ಸರಗಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಶಿಕ್ಷೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮನೆ ಬಂಧಿಸುವ ಹಾಗಿಲ್ಲ. ಬಂಧನ ಏಕೆ ಅಗತ್ಯ ಎಂದು ಕಾರಣ ಬರೆಯಬೇಕು, ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಸಬೇಕು. ಆ ಕಾರಣಗಳನ್ನು ಮ್ಯಾಜಿಸ್ಟ್ರೇಟರೂ ಪರಿಶೀಲಿಸಿ ತಮ್ಮ ಸಮಾಧಾನವನ್ನು ದಾಖಲಿಸಬೇಕು ಎಂಬುದು 2014ರ ಅರ್ನೇಶ್ ಕುಮಾರ್ ತೀರ್ಪಿನಿಂದ ಬಂದ ನಿಯಮ. ನ್ಯಾಯಾಲಯ ಹತ್ತರ ಬದಲು ಮೂರು ದಿನ ಕೊಡುತ್ತದೆ. ಸರ ವಶಪಡಿಸಿಕೊಳ್ಳುವುದು ಮತ್ತು ಎರಡನೇ ಆರೋಪಿಯ ಪತ್ತೆ, ಇವೆರಡನ್ನೇ ಕಾರಣವಾಗಿ ಬರೆಯುತ್ತದೆ. ಮೊಬೈಲಿನ ಬಗೆಗಿನ ಆಕ್ಷೇಪಣೆಯನ್ನು ಒಪ್ಪುತ್ತದೆ. ಬಂಧನದ ಅಗತ್ಯದ ಬಗ್ಗೆ ಮಾತ್ರ ಜಾಮೀನು ಅರ್ಜಿಯ ಹೊತ್ತಿಗೆ ನೋಡೋಣ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ.

ಇದನ್ನು ಹೀಗೆ ಬರೆಯಬಹುದು: "ಸರ ವಶಪಡಿಸಿಕೊಳ್ಳಲು, ತಲೆಮರೆಸಿಕೊಂಡ ಇನ್ನೊಬ್ಬನನ್ನು ಹುಡುಕಲು, ಮೊಬೈಲ್ ಕರೆಗಳ ಬಗ್ಗೆ ವಿಚಾರಿಸಲು ಪೊಲೀಸರು ಹತ್ತು ದಿನ ಕೇಳಿದ್ದರು. ಮೊಬೈಲ್ ಈಗಾಗಲೇ ಜಪ್ತಿಯಾಗಿದೆ, ಮೂರು ವರ್ಷದವರೆಗಿನ ಶಿಕ್ಷೆಯ ಆರೋಪದಲ್ಲಿ ಬಂಧನವೇ ಅನಗತ್ಯ ಎಂದು ಆರೋಪಿಯ ವಕೀಲರು ವಾದಿಸಿದರು. ಮೊದಲ ಎರಡು ಕಾರಣಗಳನ್ನು ಮಾತ್ರ ಒಪ್ಪಿದ ನ್ಯಾಯಾಲಯ ಮೂರು ದಿನ ನೀಡಿತು. ಬಂಧನದ ಅಗತ್ಯದ ಕುರಿತ ಆಕ್ಷೇಪಣೆಯನ್ನು ಆದೇಶ ಪರಿಶೀಲಿಸಿಲ್ಲ." ನಾಲ್ಕು ವಾಕ್ಯ. ಇದರಲ್ಲಿ ಆರೋಪಿಯ ಪರವಾದ ಒಂದು ಪದವೂ ಇಲ್ಲ, ಪೊಲೀಸರನ್ನು ಹೀಗಳೆಯುವ ಪದವೂ ಇಲ್ಲ. ಆದರೂ ಪೊಲೀಸರ ಬೇಡಿಕೆಯಲ್ಲಿ ಎಷ್ಟು ನಿಂತಿತು, ಆರೋಪಿಯ ಮಾತಿನಲ್ಲಿ ಎಷ್ಟು ನಿಂತಿತು, ಯಾವುದು ಇನ್ನೂ ಗಾಳಿಯಲ್ಲಿದೆ ಎಂದು ಓದುಗರಿಗೆ ಗೊತ್ತಾಗುತ್ತದೆ. ಕೇಳಿದ ದಿನವನ್ನೂ ಕೊಟ್ಟ ದಿನವನ್ನೂ ಒಟ್ಟಿಗೆ ಹೇಳಿದ್ದರಿಂದಲೇ ನ್ಯಾಯಾಧೀಶರು ತೂಗಿ ನೋಡಿದ್ದಾರೆ ಎಂಬುದೂ ಕಾಣುತ್ತದೆ. "ಮೂರು ದಿನ ಕಸ್ಟಡಿಗೆ" ಎಂದಷ್ಟೇ ಬರೆದರೆ ಆ ನ್ಯಾಯಾಧೀಶರಿಗೂ ಅನ್ಯಾಯ.

ಅವಧಿಯ ವಿಷಯದಲ್ಲಿ ಹೊಸ ಸಂಹಿತೆ ನಿಮ್ಮ ಕೆಲಸವನ್ನು ಹೆಚ್ಚಿಸಿದೆ. ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ ಎನ್ನುವುದು ಹಳೆಯ ಮಾತೇ. ಆದರೆ ಮೊದಲ ರಿಮ್ಯಾಂಡಿನ ನಂತರದ 15 ದಿನಗಳ ಒಳಗೇ ಅದು ಮುಗಿಯಬೇಕು ಎಂದು 1992ರ ಅನುಪಮ್ ಕುಲಕರ್ಣಿ ತೀರ್ಪಿನಿಂದ ನಡೆದುಬಂದಿತ್ತು. ಈಗ ಆ 15 ದಿನಗಳನ್ನು ಒಟ್ಟಾಗಿಯೋ ಬಿಡಿಬಿಡಿಯಾಗಿಯೋ, ತನಿಖೆಗೆ 60 ದಿನದ ಮಿತಿ ಇರುವ ಪ್ರಕರಣಗಳಲ್ಲಿ ಮೊದಲ 40 ದಿನಗಳೊಳಗೆ, 90 ದಿನದ ಪ್ರಕರಣಗಳಲ್ಲಿ ಮೊದಲ 60 ದಿನಗಳೊಳಗೆ ಪಡೆಯಬಹುದು. ಅಂದರೆ "ನ್ಯಾಯಾಂಗ ಬಂಧನಕ್ಕೆ" ಎಂದು ಜೈಲಿಗೆ ಹೋದವನು ಮೂರು ವಾರದ ಬಳಿಕ ಮತ್ತೆ ಠಾಣೆಗೆ ಬರಬಹುದು. ಆದ್ದರಿಂದ ಪ್ರತಿ ಸಲವೂ 15ರಲ್ಲಿ ಎಷ್ಟು ದಿನ ಬಳಕೆಯಾಯಿತು, ಎಷ್ಟು ಉಳಿದಿದೆ ಎಂದು ಬರೆದರೆ ಮಾತ್ರ ಸುದ್ದಿಗೆ ಅರ್ಥ. ಯುಎಪಿಎಯಂಥ ವಿಶೇಷ ಕಾಯ್ದೆಗಳಲ್ಲಿ ಈ ಸಂಖ್ಯೆಗಳೇ ಬೇರೆ. ಅಲ್ಲಿ ಪೊಲೀಸ್ ಕಸ್ಟಡಿ 30 ದಿನದವರೆಗೆ ಹೋಗಬಹುದು. ಎಣಿಸುವುದು ಬಂಧನದ ದಿನದಿಂದಲ್ಲ, ರಿಮ್ಯಾಂಡ್ ಆದ ದಿನದಿಂದ. ತನಿಖೆಯ 60 ಅಥವಾ 90 ದಿನಗಳ ಲೆಕ್ಕದಲ್ಲಿ ರಿಮ್ಯಾಂಡ್ ಆದ ದಿನವೂ ಸೇರುತ್ತದೆ ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಪುರಕಾಯಸ್ಥ ಅವರಿಗೆ ಸಿಕ್ಕ ಏಳು ದಿನ ಅಕ್ಟೋಬರ್ 4ರಿಂದ 10ರವರೆಗೆ. ಅದನ್ನು 11ರವರೆಗೆ ಎಂದು ಬರೆದಿದ್ದರೆ ಒಂದು ದಿನದ ತಪ್ಪಾಗುತ್ತಿತ್ತು.

ನೀವು ಹೇಳಬಹುದಾದ ಎದುರು ಮಾತುಗಳು ನನಗೆ ಕೇಳಿಸುತ್ತಿವೆ. ವಕೀಲರು ಎತ್ತುವ ತಕರಾರು ಯಾವಾಗಲೂ ಒಂದೇ ರಾಗ, ಸುಳ್ಳು ಕೇಸು, ಅಮಾಯಕ, ರಾಜಕೀಯ ಪ್ರೇರಿತ, ಅದನ್ನು ಬರೆದು ಏನು ಸಾಧಿಸಿದಂತಾಯಿತು ಎನ್ನುವುದು ಮೊದಲನೆಯದು. ಇದರಲ್ಲಿ ನಿಜ ಇದೆ. ಅಂಥ ತಕರಾರಿಗೆ ಒಂದು ಸಾಲು ಸಾಕು, ಅದೂ ಬೇಡವೆಂದರೂ ನನಗೆ ಬೇಸರವಿಲ್ಲ. ನಾನು ಕೇಳುತ್ತಿರುವುದು ಪರಿಶೀಲಿಸಿ ಹೌದು ಇಲ್ಲ ಎನ್ನಬಹುದಾದ ತಕರಾರುಗಳನ್ನು: ಬಂಧನದ ಆಧಾರವನ್ನು ಬರೆದು ಕೊಟ್ಟಿಲ್ಲ, ಕೊಟ್ಟದ್ದು ಗೊತ್ತಿಲ್ಲದ ಭಾಷೆಯಲ್ಲಿ, 24 ಗಂಟೆ ಮೀರಿದೆ, ವಸ್ತು ಈಗಾಗಲೇ ಜಪ್ತಿಯಾಗಿದೆ, ಮೈಮೇಲೆ ಗಾಯವಿದೆ. ಇವುಗಳಲ್ಲಿ ಮೊದಲ ಎರಡರ ತೂಕ ಈಚೆಗೆ ತುಂಬ ಹೆಚ್ಚಿದೆ. 2025ರ ಆಗಸ್ಟ್‌ನಲ್ಲಿ ನಟ ದರ್ಶನ್ ಅವರ ಜಾಮೀನನ್ನು ರದ್ದುಪಡಿಸಿದಾಗ, ಆಧಾರಗಳನ್ನು ಬರೆದು ಕೊಡದಿದ್ದ ಮಾತ್ರಕ್ಕೆ ಬಂಧನ ಬಿದ್ದುಹೋಗುವುದಿಲ್ಲ, ಅದರಿಂದ ಆರೋಪಿಗೆ ಬಾಧೆಯಾಗಿದೆ ಎಂದು ತೋರಿಸಬೇಕು ಎಂದಿತ್ತು ಸುಪ್ರೀಂ ಕೋರ್ಟ್. ಆದರೆ ಅದೇ ವರ್ಷದ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಇನ್ನೊಂದು ಪೀಠ, ಯಾವ ಅಪರಾಧವೇ ಇರಲಿ, ಆಧಾರಗಳನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು, ಆ ಕ್ಷಣಕ್ಕೆ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು ಎಂದಿತು. ಕನ್ನಡ ಓದಲು ಬಾರದ ಒಡಿಶಾದ ಕಟ್ಟಡ ಕಾರ್ಮಿಕನಿಗೆ ಕನ್ನಡದ ಕಾಗದ ಕೊಟ್ಟು ರುಜು ಹಾಕಿಸಿಕೊಂಡಿದ್ದರೆ, ಅದನ್ನು ಅವನ ವಕೀಲ ರಿಮ್ಯಾಂಡ್ ಹೊತ್ತಿನಲ್ಲೇ ಎತ್ತಿದ್ದರೆ, ಅದು ಒಂದೇ ರಾಗದ ತಕರಾರಲ್ಲ.

ಎರಡನೆಯದು, ಕಾಗದ ನಮ್ಮ ಕೈಗೆ ಸಿಗುವುದಿಲ್ಲ, ಸಿಗುವುದು ಪೊಲೀಸರ ಪ್ರಕಟಣೆ ಮಾತ್ರ ಎಂಬುದು. ರಿಮ್ಯಾಂಡ್ ಅರ್ಜಿ ಸುಲಭಕ್ಕೆ ಸಿಗದು, ಕೇಸ್ ಡೈರಿಯಂತೂ ಆರೋಪಿಯ ವಕೀಲರಿಗೂ ಸಿಗದು. ಒಪ್ಪಿದೆ. ಆದರೆ ರಿಮ್ಯಾಂಡ್ ಸಾಮಾನ್ಯವಾಗಿ ನಡೆಯುವುದು ತೆರೆದ ನ್ಯಾಯಾಲಯದಲ್ಲಿ, ತಕರಾರು ಎತ್ತುವುದು ಅಲ್ಲೇ, ಆ ವಕೀಲರು ಅರ್ಧ ಗಂಟೆಯ ಬಳಿಕ ಕಾರಿಡಾರಿನಲ್ಲೇ ಸಿಗುತ್ತಾರೆ. ಆರ್ಡರ್ ಶೀಟಿನಲ್ಲಿ ಏನು ಬರೆದಿದೆ ಎಂದು ಅವರನ್ನೂ ಕೇಳಬಹುದು, ಸರ್ಕಾರಿ ಅಭಿಯೋಜಕರನ್ನೂ ಕೇಳಬಹುದು. ಆದೇಶ ನೋಡಲು ಆಗಲೇ ಇಲ್ಲವೆಂದರೆ "ಆದೇಶದ ಪ್ರತಿ ಲಭ್ಯವಾಗಿಲ್ಲ, ವಿವರ ಪೊಲೀಸರು ನೀಡಿದ್ದು" ಎಂದು ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದೇಶ ನೋಡಿದಿರಿ, ಅದರಲ್ಲಿ "ಅರ್ಜಿ ಪರಿಶೀಲಿಸಿದೆ, ಕಾರಣಗಳು ಸಮಂಜಸ, ಮಂಜೂರು ಮಾಡಿದೆ" ಎಂಬಷ್ಟೇ ಇತ್ತು ಎಂದುಕೊಳ್ಳಿ. ಅದನ್ನೇ ಬರೆಯಿರಿ. ಆದೇಶ ಹೇಳದ ಕಾರಣವನ್ನು ಅರ್ಜಿಯಿಂದ ಎತ್ತಿ ತಂದು ನ್ಯಾಯಾಧೀಶರ ಬಾಯಲ್ಲಿ ಇಡುವುದು ಮಾತ್ರ ಬೇಡ. ಸಾರಾಂಶ ಮಾಡುವವರು ಜಾರುವುದು ಹೆಚ್ಚಾಗಿ ಇಲ್ಲೇ, ಅದೂ ಒಳ್ಳೆಯ ಉದ್ದೇಶದಿಂದಲೇ. ವಾಕ್ಯ ಅಪೂರ್ಣ ಅನಿಸುತ್ತದೆ, "ಹೆಚ್ಚಿನ ತನಿಖೆಯ ಅಗತ್ಯ ಮನಗಂಡು" ಎಂದು ಸೇರಿಸಿಬಿಡುತ್ತಾರೆ. ಮನಗಂಡದ್ದನ್ನು ನ್ಯಾಯಾಧೀಶರು ಬರೆದೇ ಇರುವುದಿಲ್ಲ.

ಮೂರನೆಯ ಮಾತು ಹೆಚ್ಚು ಭಾರದ್ದು. ಮಗುವಿನ ಮೇಲೆ ದೌರ್ಜನ್ಯ ನಡೆದಿದೆ, ಕೊಲೆ ನಡೆದಿದೆ, ಊರೇ ಕುದಿಯುತ್ತಿದೆ, ಇಂಥ ಹೊತ್ತಿನಲ್ಲಿ ಆರೋಪಿಯ ತಕರಾರಿಗೆ ಜಾಗ ಕೊಡುವುದು ನೊಂದವರಿಗೆ ಮಾಡುವ ಅವಮಾನವಲ್ಲವೆ? ನೊಂದವರ ದೃಷ್ಟಿಯಿಂದಲೇ ಉತ್ತರ ಹೇಳುತ್ತೇನೆ. ರಿಮ್ಯಾಂಡ್ ಹಂತದಲ್ಲಿ ಪೊಲೀಸರು ಬಿಟ್ಟ ಒಂದು ಕಾಗದ, ನ್ಯಾಯಾಲಯ ಉತ್ತರಿಸದೆ ಬಿಟ್ಟ ಒಂದು ತಕರಾರು ತಿಂಗಳುಗಳ ಬಳಿಕ ಹೈಕೋರ್ಟಿನಲ್ಲೋ ಸುಪ್ರೀಂ ಕೋರ್ಟಿನಲ್ಲೋ ಮೇಲೆದ್ದು ಆರೋಪಿಯನ್ನು ಹೊರಗೆ ತರಬಹುದು. ಆಗ ನೊಂದವರು ಕೇಳುವ ಪ್ರಶ್ನೆ, ಇದು ನಮಗೆ ಮೊದಲೇ ಯಾಕೆ ತಿಳಿಯಲಿಲ್ಲ ಎಂಬುದು. ತಕರಾರು ಮೊದಲ ದಿನವೇ ಸುದ್ದಿಯಲ್ಲಿ ಬಂದಿದ್ದರೆ, ಬಂಧನದ ಕಾಗದಗಳನ್ನು ಸರಿಯಾಗಿ ಬರೆಯಬೇಕು ಎಂಬ ಒತ್ತಡ ಠಾಣೆಯ ಮೇಲೆ ಮುಂದಿನ ಪ್ರಕರಣದಲ್ಲಾದರೂ ಬೀಳುತ್ತಿತ್ತು. ತಕರಾರನ್ನು ಮುಚ್ಚಿಟ್ಟ ವರದಿ ಆ ದಿನದ ಸಿಟ್ಟಿಗೆ ಹಿತವಾಗಿರಬಹುದು, ಮೊಕದ್ದಮೆಗೆ ಅದರಿಂದ ಬಲ ಬರುವುದಿಲ್ಲ.

ಹತ್ತು ಸಾಲಿನ ಸುದ್ದಿಗೆ ಇಷ್ಟೆಲ್ಲ ಹೊರೆ ಹೊರಿಸುವುದು ಸರಿಯೇ ಎಂದೂ ನೀವು ಕೇಳಬಹುದು. ಮೇಲೆ ಬರೆದು ತೋರಿಸಿದ ಮಾದರಿ ನಾಲ್ಕೇ ವಾಕ್ಯದ್ದು. ಆರೋಪದ ಬಣ್ಣನೆಯಿಂದ ಎರಡು ಸಾಲು ತೆಗೆದರೆ ಅದಕ್ಕೆ ಜಾಗವಾಗುತ್ತದೆ. ಕಸ್ಟಡಿ ಮುಗಿದು ಆರೋಪಿಯನ್ನು ಮತ್ತೆ ಹಾಜರುಪಡಿಸುವ ದಿನದ ಸುದ್ದಿ ಈ ಮಾದರಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಏನೇನು ಮಾಡುತ್ತೇವೆಂದು ಪೊಲೀಸರು ಮೂರು ದಿನ ತೆಗೆದುಕೊಂಡರೋ ಅದರಲ್ಲಿ ಏನಾಯಿತು ಎಂದು ಆ ದಿನ ಕೇಳಬಹುದು. ಸರ ಸಿಕ್ಕಿತೆ? ಆ ಅಂಗಡಿಗೆ ಹೋದರೆ? ಇನ್ನಷ್ಟು ದಿನ ಕೇಳಿದ್ದರೆ ಹೊಸ ಕಾರಣ ಇದೆಯೇ, ಅಥವಾ ಮೊದಲ ಅರ್ಜಿಯ ಒಕ್ಕಣೆಯನ್ನೇ ತಾರೀಕು ಬದಲಿಸಿ ತಂದಿದ್ದಾರೆಯೇ? ಎರಡು ಅರ್ಜಿಗಳನ್ನು ಪಕ್ಕಪಕ್ಕ ಇಟ್ಟು ಓದುವ ಅವಕಾಶ ಸಿಕ್ಕರೆ ಬಿಡಬೇಡಿ.

ಇಂತಿ,
ನಿಮ್ಮ ವರದಿಗಳ ದಿನನಿತ್ಯದ ಓದುಗ